ಚೀಟಿ, ಗೋಣಿ, ಲಾಟ್: ಕ್ಲಾಸ್ ಡಯಾಗ್ರಮ್‌ನಲ್ಲಿ ತಪ್ಪು ಡೈಮಂಡ್ ಹುಡುಕುವ ಬಗೆ

ಲಕ್ಷಣ ಇಷ್ಟೇ. ಸದಸ್ಯರ ಪಟ್ಟಿಯಿಂದ ಒಬ್ಬರ ಹೆಸರು ಅಳಿಸಿದರು. ಆಮೇಲೆ ಹಿಂದಿನ ವರ್ಷದ ಖರೀದಿ ಲೆಕ್ಕ ತೆಗೆದರೆ ಮೊತ್ತ ಕಮ್ಮಿ. ಗೋದಾಮಿನಲ್ಲಿ ಗೋಣಿ ಸರಿಯಾಗಿವೆ, ಬ್ಯಾಂಕಿನಿಂದ ಹೋದ ದುಡ್ಡೂ ಸರಿಯಾಗಿದೆ. ಕಂಪ್ಯೂಟರಿನಲ್ಲಿ ಮಾತ್ರ ಅಡಿಕೆ ಕಡಿಮೆಯಾಗಿದೆ.

ಕಾಸರಗೋಡಿನ ಒಳನಾಡಿನ ಒಂದು ಚಿಕ್ಕ ಅಡಿಕೆ ಖರೀದಿ ಸಂಘಕ್ಕೆ ಕಾಲೇಜಿನ ಹುಡುಗರು ಪ್ರಾಜೆಕ್ಟ್ ಅಂತ ಮಾಡಿಕೊಟ್ಟ ಪ್ರೋಗ್ರಾಂ ಇದು. ಇಂಥ ತೊಂದರೆ ಬಂದಾಗ ಎಲ್ಲರೂ ಮೊದಲು ಕೋಡ್ ತೆರೆದು ಕೂರುತ್ತಾರೆ. ಇಲ್ಲಿ ಕೋಡ್‌ನಲ್ಲಿ ಬಗ್ ಇರಲಿಲ್ಲ. ಡಯಾಗ್ರಮ್ ಏನು ಹೇಳಿತ್ತೋ ಅದನ್ನೇ ಕೋಡ್ ಮಾಡಿತ್ತು. ಸದಸ್ಯ ಮತ್ತು ಖರೀದಿ ಚೀಟಿಯ ನಡುವೆ ಯಾರೋ ಒಂದು ಕಪ್ಪು ಡೈಮಂಡ್ ಎಳೆದಿದ್ದರು. ಡೇಟಾಬೇಸ್ ಬರೆದವನು ಅದನ್ನು ನಂಬಿ, ಸದಸ್ಯ ಹೋದರೆ ಚೀಟಿಯೂ ಹೋಗಲಿ ಅಂತ ಬರೆದ. ಹಾಗೇ ಆಯಿತು.

ಹಾಗಾಗಿ ರಿಪೇರಿ ಶುರುವಾಗಬೇಕಾದದ್ದು ಸಂಘದವರು ಬರೆದುಕೊಟ್ಟ ವಿವರಣೆಯಿಂದ. ಅದನ್ನು ಓದಿ ಯಾವ ಗೆರೆ ಎಳೆಯಬೇಕು ಅಂತ ತೀರ್ಮಾನಿಸುವಲ್ಲೇ ಎಡವಟ್ಟಾಗಿದೆ.

ಮೂರು ಗೆರೆಗಳು, ಚುಟುಕಾಗಿ

ಅಸೋಸಿಯೇಷನ್ ಅಂದರೆ ಬರೀ ಗೆರೆ. ಇದಕ್ಕೂ ಅದಕ್ಕೂ ಸಂಬಂಧ ಇದೆ, ಅಷ್ಟೇ. ಅಗ್ರಿಗೇಷನ್ ಅಂದರೆ ಗೆರೆಯ ಒಂದು ತುದಿಯಲ್ಲಿ ಖಾಲಿ ಡೈಮಂಡ್. ಇದು ಗುಂಪು, ಅದು ಗುಂಪಿನ ಒಂದು ಭಾಗ ಅಂತ ಅರ್ಥ. ಕಾಂಪೊಸಿಷನ್ ಅಂದರೆ ಕಪ್ಪು ತುಂಬಿದ ಡೈಮಂಡ್. ಭಾಗದ ಅಳಿವು ಉಳಿವು ಇಡಿಯದ ಕೈಯಲ್ಲಿದೆ ಅಂತ ಅರ್ಥ. ಎರಡರಲ್ಲೂ ಡೈಮಂಡ್ ಇರಬೇಕಾದದ್ದು ಇಡಿಯದ ಕಡೆ. ಭಾಗದ ಕಡೆ ಅಲ್ಲ.

ಇದರಲ್ಲಿ ಕಪ್ಪು ಡೈಮಂಡ್‌ಗೆ ಮಾತ್ರ ಗಟ್ಟಿ ನಿಯಮಗಳಿವೆ. ಇಂಥ ಡಯಾಗ್ರಮ್ ಬರೆಯುವ ಪದ್ಧತಿಗೆ ಯುಎಂಎಲ್ ಅಂತ ಹೆಸರು, 2017ರಲ್ಲಿ ಬಂದ ಅದರ 2.5.1 ಕೈಪಿಡಿಯ ಪ್ರಕಾರ ಒಂದು ಭಾಗ ಒಂದು ಹೊತ್ತಿಗೆ ಹೆಚ್ಚೆಂದರೆ ಒಂದೇ ಇಡಿಯದೊಳಗೆ ಇರಬಹುದು. ಇಡಿಯದನ್ನು ಅಳಿಸಿದರೆ ಆಗ ಅದರೊಳಗಿರುವ ಭಾಗಗಳೂ ಅಳಿಯುತ್ತವೆ. ಖಾಲಿ ಡೈಮಂಡ್‌ನ ನಿಖರ ಅರ್ಥವನ್ನು ಅದೇ ಕೈಪಿಡಿ ಬಳಸುವವರಿಗೆ ಬಿಟ್ಟಿದೆ. ಪರೀಕ್ಷೆಯ ಉತ್ತರದಲ್ಲಿ ಜಗಳ ಜಾಸ್ತಿ ಆಗುವುದು ಇದರ ಮೇಲೇ. ಪ್ರೋಗ್ರಾಂ ಕೆಡುವುದು ಮಾತ್ರ ಹೆಚ್ಚಾಗಿ ಕಪ್ಪು ಡೈಮಂಡ್‌ನಿಂದ.

ಸಂಘದವರು ಕೊಟ್ಟ ವಿವರಣೆ

ಗುಮಾಸ್ತರು ಬರೆದ ಒಂದು ಹಾಳೆ ಇತ್ತು. ಬೇಕಾದಷ್ಟನ್ನು ಇಲ್ಲಿ ಕೊಡುತ್ತೇನೆ:

"ಸಂಘಕ್ಕೆ ಸದಸ್ಯರಿದ್ದಾರೆ. ಸದಸ್ಯರಿಗೆ ಖರೀದಿ ಚೀಟಿಗಳಿವೆ. ಚೀಟಿಯಲ್ಲಿ ಸಾಲುಗಳಿವೆ, ಸಾಲಿಗೆ ದರ್ಜೆ, ತೂಕ, ದರ ಇದೆ. ಚೀಟಿ ರದ್ದಾದರೆ ಪೂರ್ತಿ ರದ್ದು, ಒಂದು ಚೀಟಿಯ ಸಾಲನ್ನು ಇನ್ನೊಂದಕ್ಕೆ ಹಾಕುವ ಕ್ರಮ ಇಲ್ಲ. ಅಡಿಕೆಯನ್ನು ದರ್ಜೆ ನೋಡಿ ಗೋಣಿಗೆ ತುಂಬಿ ನಂಬರ್ ಹಾಕುತ್ತೇವೆ. ಗೋದಾಮಿಗೆ ಅಂಕಣಗಳಿವೆ, ಅಂಕಣದಲ್ಲಿ ಗೋಣಿಗಳಿವೆ. ಮಾರುವಾಗ ಗೋಣಿಗಳನ್ನು ಸೇರಿಸಿ ಲಾಟ್ ಮಾಡುತ್ತೇವೆ. ವ್ಯಾಪಾರಿ ಬೇಡವೆಂದರೆ ಲಾಟ್ ಒಡೆದು ಗೋಣಿಗಳನ್ನು ಬೇರೆ ಲಾಟಿಗೆ ಹಾಕುತ್ತೇವೆ. ಸದಸ್ಯತ್ವ ಬಿಟ್ಟವರ ಚೀಟಿಗಳು ಲೆಕ್ಕ ತಪಾಸಣೆಗೆ ಬೇಕು."

ಹುಡುಗರು ಇದನ್ನು ಓದಿ, ಬರಹದಿಂದ ಚಿತ್ರ ಬಿಡಿಸಿಕೊಡುವ ಪ್ಲಾಂಟ್‌ಯುಎಂಎಲ್ ಅನ್ನುವ ಪ್ರೋಗ್ರಾಂಗೆ ಬರೆದದ್ದು ಹೀಗೆ. ಪ್ಲಾಂಟ್‌ಯುಎಂಎಲ್‌ನಲ್ಲಿ `*--` ಕಪ್ಪು ಡೈಮಂಡ್, `o--` ಖಾಲಿ ಡೈಮಂಡ್, `--` ಬರೀ ಗೆರೆ. ತುದಿಯಲ್ಲಿ `"*"` ಅಂತ ಇದ್ದರೆ ಎಷ್ಟು ಬೇಕಾದರೂ ಇರಬಹುದು ಅಂತ ಅರ್ಥ.

```
@startuml
Member "1" *-- "*" Slip
Slip "1" o-- "*" SlipLine
SlipLine "*" *-- "1" Grade
Lot "1" *-- "*" Sack
Bay "1" *-- "*" Sack
Godown "1" *-- "*" Bay
@enduml
```

ಹೀಗೆ ಯಾಕಾಯಿತು ಅಂತ ವಿವರಣೆ ನೋಡಿದರೆ ಗೊತ್ತಾಗುತ್ತದೆ. ಪ್ರತಿ ಸಾಲಿನಲ್ಲೂ "ಇದೆ", "ಇವೆ". ಸದಸ್ಯರಿಗೆ ಚೀಟಿಗಳಿವೆ, ಚೀಟಿಯಲ್ಲಿ ಸಾಲುಗಳಿವೆ, ಅಂಕಣದಲ್ಲಿ ಗೋಣಿಗಳಿವೆ. "ಇವೆ" ಕಂಡಲ್ಲೆಲ್ಲ ಹುಡುಗರು ಡೈಮಂಡ್ ಎಳೆದರು. ಯಾರದೋ ಬಳಿ ಇರುವುದು, ಯಾವುದರದೋ ಒಳಗೆ ಇರುವುದು, ಯಾವುದರದೋ ಭಾಗವಾಗಿರುವುದು, ಈ ಮೂರಕ್ಕೂ ನಾವು ಮಾತಿನಲ್ಲಿ ಅದೊಂದೇ ಕ್ರಿಯಾಪದ ಬಳಸುತ್ತೇವೆ. ಹಾಗಾಗಿ ಕ್ರಿಯಾಪದ ನೋಡಿ ಗೆರೆ ಎಳೆದರೆ ಕೆಟ್ಟಂತೆಯೇ. "ರದ್ದಾದರೆ", "ಒಡೆದು", "ಬಿಟ್ಟವರ", "ಬೇರೆದಕ್ಕೆ ಹಾಕುತ್ತೇವೆ" ಅನ್ನುವ ಮಾತುಗಳನ್ನು ಹುಡುಕಬೇಕು. ವಸ್ತುವಿನ ಕೊನೆಯ ಬಗ್ಗೆ, ಜಾಗ ಬದಲಾಗುವ ಬಗ್ಗೆ ಹೇಳುವ ವಾಕ್ಯಗಳು ಅವು. ಮೇಲಿನ ಹಾಳೆಯಲ್ಲಿ ಅಂಥವು ಮೂರೇ ಇವೆ. ಮೂರನ್ನೂ ಹುಡುಗರು ದಾಟಿ ಹೋಗಿದ್ದಾರೆ.

ಮೊದಲ ತಪಾಸಣೆ: ವಿವರಣೆ ಓದದೆಯೇ ಸಿಗುವ ತಪ್ಪು

ಕೆಲವು ತಪ್ಪುಗಳನ್ನು ಡಯಾಗ್ರಮ್ ನೋಡಿಯೇ ಹಿಡಿಯಬಹುದು. ಅಡಿಕೆ ಗೊತ್ತಿರಬೇಕೆಂದಿಲ್ಲ.

ಕಪ್ಪು ಡೈಮಂಡ್ ಇರುವ ತುದಿಯ ಸಂಖ್ಯೆ ನೋಡಿ. ಅಲ್ಲಿ `1` ಅಥವಾ `0..1` ಮಾತ್ರ ಇರಬಹುದು. `SlipLine "*" *-- "1" Grade` ಅನ್ನುವಲ್ಲಿ ಡೈಮಂಡ್ ಪಕ್ಕದಲ್ಲಿ `*` ಇದೆ. ಅಂದರೆ ಒಂದೇ ದರ್ಜೆ ಎಷ್ಟೋ ಸಾಲುಗಳ ಒಳಭಾಗ ಅಂತಾಯಿತು. ಕಪ್ಪು ಡೈಮಂಡ್‌ನಲ್ಲಿ ಇದು ಸಾಧ್ಯವೇ ಇಲ್ಲ. ಪ್ಲಾಂಟ್‌ಯುಎಂಎಲ್ ಇದಕ್ಕೆ ಚಕಾರ ಎತ್ತುವುದಿಲ್ಲ, ಸುಮ್ನೆ ಬಿಡಿಸಿಕೊಡುತ್ತದೆ. ಚಿತ್ರ ಬಂತು ಅಂದ ಮಾತ್ರಕ್ಕೆ ಚಿತ್ರ ಸರಿ ಅಂತಲ್ಲ.

ಎರಡನೆಯದು ಗೋಣಿಯದ್ದು. ಗೋಣಿಗೆ ಲಾಟಿನಿಂದ ಒಂದು ಕಪ್ಪು ಡೈಮಂಡ್, ಅಂಕಣದಿಂದ ಇನ್ನೊಂದು. ಒಂದು ಕ್ಲಾಸಿಗೆ ಎರಡು ಕಡೆಯಿಂದ ಕಪ್ಪು ಡೈಮಂಡ್ ಬಂದರೆ ಅಷ್ಟಕ್ಕೇ ತಪ್ಪು ಅಂತ ಹೇಳಲಾಗದು. ಚಕ್ರ ಒಂದೋ ಕಾರಿನದು, ಇಲ್ಲವೋ ಬೈಕಿನದು. ಎರಡೂ ತುದಿಯಲ್ಲಿ `0..1` ಬರೆದರೆ ಆಯಿತು. ಆದರೆ ಇಲ್ಲಿ ಎರಡೂ ಕಡೆ `1` ಇದೆ. ಪ್ರತಿ ಗೋಣಿಯೂ ಒಂದು ಲಾಟಿನ ಒಳಗೂ ಇರಬೇಕು, ಅದೇ ಹೊತ್ತಿಗೆ ಒಂದು ಅಂಕಣದ ಒಳಗೂ ಇರಬೇಕು. ಒಂದು ಭಾಗಕ್ಕೆ ಒಂದೇ ಇಡಿಯದು ಅನ್ನುವ ನಿಯಮದ ಪ್ರಕಾರ ಇಂಥ ಗೋಣಿ ಒಂದೂ ಹುಟ್ಟಲಾರದು. ಎರಡರಲ್ಲಿ ಒಂದಾದರೂ ಡೈಮಂಡ್ ಹೋಗಲೇಬೇಕು. ಯಾವುದು ಅನ್ನುವುದಕ್ಕೆ ವಿವರಣೆ ಬೇಕು.

ಎರಡನೆಯ ತಪಾಸಣೆ: ನಿಜವಾದ ಒಂದು ಚೀಟಿ ಇಟ್ಟು ಅಳಿಸಿ ನೋಡುವುದು

ಕ್ಲಾಸ್ ಹೆಸರುಗಳನ್ನು ನೋಡುತ್ತಾ ಕೂತರೆ ತಲೆ ಓಡುವುದಿಲ್ಲ. "ಸದಸ್ಯ", "ಚೀಟಿ" ಅಂದಾಗ ಎಲ್ಲವೂ ಎಲ್ಲದರ ಭಾಗದ ಹಾಗೇ ಕಾಣುತ್ತದೆ. ನಂಬರ್ ಇರುವ ವಸ್ತುಗಳನ್ನು ಕಾಗದದ ಮೇಲೆ ಬರೆಯಿರಿ.

ಸದಸ್ಯ ನಂ. 86. ಅವರ ಚೀಟಿ ನಂ. 417. ಅದರಲ್ಲಿ ಮೂರು ಸಾಲು: ಹೊಸ ಚಾಲಿ 140 ಕಿಲೊ, ಪಟೋರ 22 ಕಿಲೊ, ಕರಿಗೋಟು 18 ಕಿಲೊ. ಒಟ್ಟು 180 ಕಿಲೊ. ಈಗ ಪೆನ್ಸಿಲ್ ತೆಗೆದುಕೊಂಡು ಒಂದೊಂದನ್ನೇ ಹೊಡೆದು ಹಾಕಿ, ಉಳಿದದ್ದಕ್ಕೆ ಅರ್ಥ ಇದೆಯಾ ನೋಡಿ.

ಚೀಟಿ 417 ಹೊಡೆಯಿರಿ. "ಪಟೋರ 22 ಕಿಲೊ" ಅನ್ನುವ ಸಾಲು ಒಂಟಿಯಾಗಿ ಉಳಿಯಿತು. ಯಾರದು? ಯಾವ ದಿನದ್ದು? ಯಾರಿಗೆ ದುಡ್ಡು? ಏನೂ ಗೊತ್ತಿಲ್ಲ. ಅದನ್ನು ಚೀಟಿ 418ಕ್ಕೆ ಹಾಕಬಹುದಾ? ಆ ಕ್ರಮ ಇಲ್ಲ ಅಂತ ಗುಮಾಸ್ತರೇ ಬರೆದಿದ್ದಾರೆ. ಹಾಗಾದರೆ ಚೀಟಿ ಮತ್ತು ಸಾಲಿನ ನಡುವೆ ಕಪ್ಪು ಡೈಮಂಡ್. ಹುಡುಗರು ಹಾಕಿದ್ದು ಖಾಲಿ ಡೈಮಂಡ್. ಅದರ ಲಕ್ಷಣವೂ ಡೇಟಾಬೇಸಿನಲ್ಲಿ ಕಾಣುತ್ತಿತ್ತು: ಅಳಿಸಿದ ಚೀಟಿಗಳ ಸಾಲುಗಳು ಯಾರಿಗೂ ಸೇರದೆ ಬಿದ್ದಿದ್ದವು. ದರ್ಜೆವಾರು ಒಟ್ಟು ತೂಕ ತೆಗೆದರೆ ಅವೂ ಸೇರಿ ಮೊತ್ತ ಜಾಸ್ತಿ ಬರುತ್ತಿತ್ತು. ಒಂದು ವರದಿಯಲ್ಲಿ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ. ಹೀಗೆ ಎರಡು ವರದಿ ಎರಡು ದಿಕ್ಕಿಗೆ ಎಳೆದರೆ ಡೈಮಂಡ್‌ಗಳು ಅದಲು ಬದಲಾಗಿವೆಯಾ ಅಂತ ನೋಡುವುದು ಒಳ್ಳೆಯದು.

ಇಲ್ಲಿ "ರದ್ದು" ಅನ್ನುವ ಮಾತಿನ ಬಗ್ಗೆ ಎಚ್ಚರ ಬೇಕು. ಗುಮಾಸ್ತರನ್ನು ಕೇಳಿದಾಗ ಅವರು ನಕ್ಕರು.

"ರದ್ದಾದ ಚೀಟಿ ಬಿಸಾಡ್ಲಿಕ್ಕೆ ಆಗ್ತದಾ ಮಾಷ್ಟ್ರೇ? ಆಡಿಟಿಗೆ ಬಂದವರು ನಂಬ್ರ ತಪ್ಪಿದ್ರೆ ಎಲ್ಲಿ ಹೋಯ್ತು ಅಂತ ಕೇಳ್ತಾರೆ. ಅಡ್ಡ ಗೀರು ಹಾಕಿ ಪುಸ್ತಕದಲ್ಲೇ ಇಡ್ಲಿಕ್ಕೆ ಉಂಟು."

"ಹಾಗಾದ್ರೆ ಅದರೊಳಗಿನ ಸಾಲು ಅಣ್ಣಾ?"

"ಚೀಟಿಗೇ ಗೀರು ಬಿದ್ದ ಮೇಲೆ ಸಾಲಿಗೆಂತ ಬೇರೆ ಲೆಕ್ಕ?"

ಆ ಕೊನೆಯ ಮಾತು ಕಾಂಪೊಸಿಷನ್‌ಗೆ ಒಳ್ಳೆಯ ಸಾಕ್ಷಿ. ರದ್ದು ಅಂದರೆ ಅಳಿಸುವುದಲ್ಲ, ಚೀಟಿಯ ಸ್ಥಿತಿ ಬದಲಾಗುವುದು. ಆದರೆ ಚೀಟಿಗೆ ಏನಾಗುತ್ತದೋ ಸಾಲಿಗೂ ಅದೇ ಆಗುತ್ತದೆ. ಸಾಲಿಗೆ ಬೇರೆ ಸ್ಥಿತಿ ಅಂತ ಇಲ್ಲ. ಹಾಗಾಗಿ ಡೈಮಂಡ್ ಕಪ್ಪೇ. ಪ್ರೋಗ್ರಾಂನಲ್ಲಿ ಮಾತ್ರ "ರದ್ದು" ಗುಂಡಿಗೆ ಅಳಿಸುವ ಕೆಲಸ ಕೊಡಬಾರದು. ಚೀಟಿಯಲ್ಲಿ ಒಂದು ಸ್ಥಿತಿಯ ಕಾಲಂ ಇಡಬೇಕು. ವಿವರಣೆಯಲ್ಲಿ ರದ್ದು, ಮುಕ್ತಾಯ, ನಿವೃತ್ತಿ, ಬಿಟ್ಟು ಹೋಗುವುದು ಅಂತೆಲ್ಲ ಬಂದಾಗ, ದಾಖಲೆ ಹೋಗುತ್ತದಾ ಅಥವಾ ಅದರ ಮೇಲೆ ಗೀರು ಬೀಳುತ್ತದಾ ಅಂತ ಒಂದು ಸಲ ಕೇಳಿಕೊಳ್ಳಿ.

ಈಗ ಸದಸ್ಯ 86 ಹೊಡೆಯಿರಿ. ಚೀಟಿ 417 ಉಳಿಯಿತು. ಇದಕ್ಕೆ ಅರ್ಥ ಇದೆಯಾ? ಇದೆ. ಆ ದಿನ 180 ಕಿಲೊ ಅಡಿಕೆ ಬಂದದ್ದು ನಿಜ, ದುಡ್ಡು ಕೊಟ್ಟದ್ದು ನಿಜ. ಸದಸ್ಯರು ಸಂಘ ಬಿಟ್ಟರು ಅಂತ ಆ ವ್ಯವಹಾರ ನಡೆಯಲೇ ಇಲ್ಲ ಅಂತಾಗುವುದಿಲ್ಲ. ವಿವರಣೆಯ ಕೊನೆಯ ವಾಕ್ಯವೂ ಇದನ್ನೇ ಹೇಳುತ್ತದೆ. ಹಾಗಾಗಿ ಕಪ್ಪು ಡೈಮಂಡ್ ಅಲ್ಲ.

ಖಾಲಿ ಡೈಮಂಡ್ ಆದರೂ ಹಾಕಬಹುದಾ? ಹುಡುಗರು ಇಲ್ಲಿ ಹಿಡಿದ ಪಟ್ಟು ಬಿಡುವುದಿಲ್ಲ. "ಸಾರ್, ಚೀಟಿ ಸದಸ್ಯರದ್ದೇ ಅಲ್ವಾ?" ಅವರದ್ದು ಹೌದು. ಆದರೆ ಅವರ ಭಾಗ ಅಲ್ಲ. ಚೀಟಿಗಳೆಲ್ಲ ಸೇರಿ ಸದಸ್ಯ ಆಗುವುದಿಲ್ಲ. ಒಂದೂ ಚೀಟಿ ಇಲ್ಲದ ಹೊಸ ಸದಸ್ಯರೂ ಪೂರ್ತಿ ಸದಸ್ಯರೇ. ಒಬ್ಬರದ್ದು ಅನ್ನುವುದು ಬೇರೆ, ಒಂದರ ಭಾಗ ಅನ್ನುವುದು ಬೇರೆ. ಇಲ್ಲಿ ಬರೀ ಗೆರೆ ಸಾಕು. ಸಂಖ್ಯೆಗಳನ್ನು ಸರಿಯಾಗಿ ಬರೆದರೆ ಹೇಳಬೇಕಾದದ್ದೆಲ್ಲ ಅದರಲ್ಲೇ ಬರುತ್ತದೆ: ಒಂದು ಚೀಟಿಗೆ ಒಬ್ಬರೇ ಸದಸ್ಯರು, ಒಬ್ಬ ಸದಸ್ಯರಿಗೆ ಎಷ್ಟು ಚೀಟಿಗಳೂ ಇರಬಹುದು.

ಸಾಲು ಮತ್ತು ದರ್ಜೆಯ ನಡುವೆಯೂ ಬರೀ ಗೆರೆಯೇ. ಚೀಟಿ 417ರ ಸಾಲು ಹೊಡೆದರೆ ಪಟೋರ ಅನ್ನುವ ದರ್ಜೆ ಲೋಕದಿಂದ ಹೋಗುವುದಿಲ್ಲ. ಒಂದು ಮಾತು ಸೇರಿಸಬೇಕು. ದರ ದಿನದಿನಕ್ಕೆ ಏರಿಳಿಯುತ್ತದೆ. ಸಾಲಿನಲ್ಲಿ ದರ ಬರೆದಿಡದೆ, ದರ್ಜೆಯ ಇವತ್ತಿನ ದರವನ್ನೇ ಗೆರೆ ಹಿಡಿದು ಓದಿದರೆ ಹಳೆ ಚೀಟಿಗಳ ಮೊತ್ತ ದಿನಾ ಬದಲಾಗುತ್ತದೆ. ಅದು ಡೈಮಂಡ್‌ನ ತಪ್ಪಲ್ಲ. ಆದರೂ ಜನ ಇದೇ ಜಾಗದಲ್ಲಿ ಡೈಮಂಡ್ ಬದಲಿಸಿ ನೋಡಿ ಕಾಲ ಕಳೆಯುತ್ತಾರೆ.

ಲಾಟ್ ಮತ್ತು ಗೋಣಿ: ಅನುಮಾನ ಬರುವ ಜಾಗ

ನಿಜವಾಗಿ ತಲೆ ಕೆರೆಯುವಂತೆ ಮಾಡುವುದು ಇದು. ಲಾಟ್ 31ರಲ್ಲಿ ಗೋಣಿ 1203, 1204, 1205 ಇವೆ. ಲಾಟ್ ಅಂದರೆ ಗೋಣಿಗಳ ಗುಂಪೇ. ಗೋಣಿ ಇಲ್ಲದ ಲಾಟ್ ಅಂತ ಇಲ್ಲ. ಒಂದು ಗೋಣಿ ಒಂದು ಹೊತ್ತಿಗೆ ಒಂದೇ ಲಾಟಿನಲ್ಲಿರುತ್ತದೆ. ಇಬ್ಬರು ವ್ಯಾಪಾರಿಗಳಿಗೆ ಒಂದೇ ಗೋಣಿ ತೋರಿಸಿ ಮಾರಲಾಗದು. ಕಪ್ಪು ಡೈಮಂಡ್‌ಗೆ ಬೇಕಾದ ಒಂದು ನಿಯಮ ಆಗಲೇ ಸರಿಹೊಂದಿತು. ಹುಡುಗರು ಅಲ್ಲಿಗೇ ನಿಲ್ಲಿಸಿ ಕಪ್ಪು ಬಳಿದರು.

ಎರಡನೆಯ ನಿಯಮಕ್ಕೆ ಪೆನ್ಸಿಲ್ ಬೇಕು. ಲಾಟ್ 31 ಹೊಡೆಯಿರಿ. ವ್ಯಾಪಾರಿ ಬೇಡ ಅಂದ, ಲಾಟ್ ಒಡೆಯಿತು. ಗೋಣಿ 1203 ಏನಾಯಿತು? ಗೋದಾಮಿನಲ್ಲಿ ಇದ್ದಲ್ಲೇ ಇದೆ. ಅದರ ನಂಬರ್, ತೂಕ, ದರ್ಜೆ ಎಲ್ಲ ಹಾಗೇ ಇದೆ. ನಾಳೆ 1204 ಲಾಟ್ 33ಕ್ಕೆ ಹೋಗಬಹುದು, ಉಳಿದೆರಡು ಯಾವ ಲಾಟೂ ಇಲ್ಲದೆ ತಿಂಗಳುಗಟ್ಟಲೆ ಕೂರಬಹುದು. ಹಾಗಾದರೆ ಕಪ್ಪು ಅಲ್ಲ, ಖಾಲಿ ಡೈಮಂಡ್. ತುದಿಯ ಸಂಖ್ಯೆಯೂ `1` ಅಲ್ಲ, `0..1`.

ಇಲ್ಲಿ ಒಂದು ತಪ್ಪು ತರ್ಕ ತುಂಬ ಓಡಾಡುತ್ತದೆ. "ಗೋಣಿ ಒಂದು ಲಾಟಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಆದ್ದರಿಂದ ಕಾಂಪೊಸಿಷನ್ ಅಲ್ಲ" ಅಂತ. ಉತ್ತರ ಸರಿ, ಕಾರಣ ಸಾಲದು. ಇಡಿಯದು ಅಳಿಯುವ ಮೊದಲೇ ಭಾಗವನ್ನು ಹೊರಗೆ ತೆಗೆದರೆ ಅದು ಉಳಿಯಬಹುದು ಅಂತ ಯುಎಂಎಲ್ ಒಪ್ಪುತ್ತದೆ. ಕಂಪ್ಯೂಟರಿನ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಫೈಲ್ ಎಳೆದು ಹಾಕಬಹುದು. ಆದರೂ ಫೋಲ್ಡರ್ ಅಳಿಸಿದರೆ ಆಗ ಅದರೊಳಗಿದ್ದ ಫೈಲ್ ಹೋಗುತ್ತದೆ. ಅದು ಕಾಂಪೊಸಿಷನ್ನೇ. ಹಾಗಾಗಿ "ಜಾಗ ಬದಲಿಸಬಹುದಾ" ಅನ್ನುವುದು ಅನುಮಾನ ಹುಟ್ಟಿಸಲಿಕ್ಕೆ ಸಾಕು, ತೀರ್ಪು ಕೊಡಲಿಕ್ಕೆ ಸಾಲದು. ತೀರ್ಪು ಕೊಡುವ ಪ್ರಶ್ನೆ ಒಂದೇ: ಭಾಗ ಒಳಗಿರುವಾಗಲೇ ಇಡಿಯದನ್ನು ಅಳಿಸಿದರೆ, ಭಾಗ ಹೋಗಬೇಕಾ, ಉಳಿಯಬೇಕಾ?

ಅಂಕಣ ಮತ್ತು ಗೋಣಿಯ ಮೇಲೂ ಇದನ್ನೇ ಹಾಕಿ ನೋಡಿದರೆ ಬೇಗ ಮುಗಿಯುತ್ತದೆ. ಮಳೆಗಾಲದಲ್ಲಿ ಗೋಡೆ ಒಸರಿದರೆ ಆ ಅಂಕಣದ ಗೋಣಿಗಳನ್ನೆಲ್ಲ ಎತ್ತಿ ಬೇರೆ ಕಡೆ ಇಡುತ್ತಾರೆ. ಅಂಕಣವನ್ನೇ ಪಟ್ಟಿಯಿಂದ ತೆಗೆದರೂ ಅಡಿಕೆ ಹೋಗಬಾರದು. ಗೋಣಿಗಳು ಸೇರಿ ಅಂಕಣ ಆದದ್ದೂ ಅಲ್ಲ. ಅಂಕಣ ಬರೀ ಇಡುವ ಜಾಗ. ಬರೀ ಗೆರೆ ಸಾಕು. ಗೋದಾಮು ಮತ್ತು ಅಂಕಣದ ನಡುವೆ ಮಾತ್ರ ಹುಡುಗರ ಕಪ್ಪು ಡೈಮಂಡ್ ಇರಲಿ. ಕಟ್ಟಡ ಬಿಟ್ಟ ಮೇಲೆ "ಎರಡನೇ ಅಂಕಣ" ಅನ್ನುವುದಕ್ಕೆ ಅರ್ಥ ಇಲ್ಲ. ಹಾಳೆಯಲ್ಲಿ ಇದರ ಬಗ್ಗೆ ನೇರ ವಾಕ್ಯ ಇಲ್ಲ, ಹಾಗಾಗಿ ಗುಮಾಸ್ತರನ್ನು ಕೇಳಿಯೇ ಖಾತ್ರಿ ಮಾಡಿಕೊಂಡದ್ದು.

ಗೋಣಿಯಿಂದ ದರ್ಜೆಗೆ ಒಂದು ಗೆರೆ ಹುಡುಗರು ಮರೆತೇಬಿಟ್ಟಿದ್ದರು. ಈ ವರ್ಷ ಹೊಸ ಚಾಲಿ ಅಂತ ತುಂಬಿದ್ದು ದಾಸ್ತಾನಿನಲ್ಲಿ ಉಳಿದರೆ ಮುಂದೆ ಹಳೆ ಚಾಲಿ ಆಗುತ್ತದೆ, ದರವೂ ಬೇರೆ. ಗೋಣಿಯ ದರ್ಜೆ ಬದಲಾಗಬೇಕು, ಚೀಟಿಯ ಸಾಲಿನ ದರ್ಜೆ ಬದಲಾಗಬಾರದು. ಅದಕ್ಕೇ ಎರಡಕ್ಕೂ ಬೇರೆ ಬೇರೆ ಗೆರೆ ಬೇಕು. ಗೋಣಿಗೂ ಚೀಟಿಯ ಸಾಲಿಗೂ ನಡುವೆ ಮಾತ್ರ ಏನೂ ಎಳೆಯಬೇಡಿ. ಹಲವರ ಅಡಿಕೆ ಒಂದೇ ಗೋಣಿಗೆ ಬೀಳುತ್ತದೆ, ಯಾರದು ಯಾವುದರಲ್ಲಿ ಅಂತ ಸಂಘ ಬರೆದಿಡುವುದೂ ಇಲ್ಲ.

ಸರಿಪಡಿಸಿದ ಮೇಲೆ

```
@startuml
Member "1" -- "*" Slip
Slip "1" *-- "1..*" SlipLine
SlipLine "*" -- "1" Grade
Sack "*" -- "1" Grade
Lot "0..1" o-- "1..*" Sack
Bay "0..1" -- "*" Sack
Godown "1" *-- "1..*" Bay
@enduml
```

ಡೈಮಂಡ್‌ಗಳು ಕಮ್ಮಿಯಾದವು. ಇಂಥ ರಿಪೇರಿಯಲ್ಲಿ ಹೆಚ್ಚಿನ ಸಲ ಹೀಗೇ ಆಗುತ್ತದೆ. ವಿವರಣೆಯಲ್ಲಿ ಆಧಾರ ಸಿಗದ ಕಡೆ ಬರೀ ಗೆರೆ ಇಡುವುದೇ ಸರಿ ಅಂತ ನನ್ನ ಅಭಿಪ್ರಾಯ. ಬರೀ ಗೆರೆ ಹಾಕಿದರೆ ಒಂದು ವಿಷಯ ಹೇಳದೆ ಬಿಟ್ಟಂತೆ. ತಪ್ಪಾದ ಕಪ್ಪು ಡೈಮಂಡ್ ಹಾಕಿದರೆ ಸುಳ್ಳು ಹೇಳಿದಂತೆ. ಖಾಲಿ ಡೈಮಂಡ್ ಇಲ್ಲದಿದ್ದರೂ ಲಾಟಿನ ಪ್ರೋಗ್ರಾಂ ಒಂದು ಅಕ್ಷರವೂ ಬದಲಾಗುತ್ತಿರಲಿಲ್ಲ. ಪರೀಕ್ಷೆಗೆ ಬರೆಯುವವರು ಮಾತ್ರ "ಗುಂಪು", "ಸೇರಿಸಿ", "ತಂಡ" ಅನ್ನುವ ಮಾತು ಇದ್ದು, ಗುಂಪು ಒಡೆದರೂ ಭಾಗ ಉಳಿಯುತ್ತದೆ ಅನ್ನುವ ಸುಳಿವು ಇದ್ದರೆ ಖಾಲಿ ಡೈಮಂಡ್ ಹಾಕಿ. ಅಂಕ ಹೋಗುವುದು ಬೇಡ.

ಕೋಡ್ ನೋಡಿ ಇವನ್ನು ಗುರುತಿಸಲು ಹೊರಟರೆ ಮೂರೂ ಒಂದೇ ಥರ ಕಾಣುತ್ತವೆ. ಸದಸ್ಯನಲ್ಲಿ ಚೀಟಿಗಳ ಲಿಸ್ಟ್, ಚೀಟಿಯಲ್ಲಿ ಸಾಲುಗಳ ಲಿಸ್ಟ್, ಲಾಟಿನಲ್ಲಿ ಗೋಣಿಗಳ ಲಿಸ್ಟ್. ಒಂದು ಸಣ್ಣ ಸುಳಿವು ಸಿಗುತ್ತದೆ: ಭಾಗವನ್ನು ಹುಟ್ಟಿಸುವವರು ಯಾರು ಅಂತ ನೋಡಿ.

```
slip.addLine(grade, 22, rate)
lot.add(sack)
```

ಮೊದಲನೆಯದರಲ್ಲಿ ದರ್ಜೆ, ತೂಕ, ದರ ಕೊಟ್ಟರೆ ಚೀಟಿಯೇ ಒಳಗೆ ಸಾಲನ್ನು ಮಾಡಿಕೊಳ್ಳುತ್ತದೆ. ಎರಡನೆಯದರಲ್ಲಿ ಆಗಲೇ ಇರುವ ಗೋಣಿಯನ್ನು ಹೊರಗಿನಿಂದ ತಂದು ಕೊಡುತ್ತಾರೆ. ಇದು ಬರೀ ಸುಳಿವು, ಕಾನೂನಲ್ಲ.

ಡೇಟಾಬೇಸಿನಲ್ಲಿ ವ್ಯತ್ಯಾಸ ಚೆನ್ನಾಗಿ ಎದ್ದು ಕಾಣುತ್ತದೆ. ಮೂರು ಕಾಲಂಗಳನ್ನು ಅಕ್ಕಪಕ್ಕ ಇಡಿ. ಮೊದಲನೆಯದು ಸಾಲಿನ ಟೇಬಲ್ಲಿನದು, ಎರಡನೆಯದು ಗೋಣಿಯದು, ಮೂರನೆಯದು ಚೀಟಿಯದು.

```sql
slip_no   INTEGER NOT NULL REFERENCES slip(slip_no)     ON DELETE CASCADE
lot_no    INTEGER          REFERENCES lot(lot_no)       ON DELETE SET NULL
member_no INTEGER NOT NULL REFERENCES member(member_no) ON DELETE RESTRICT
```

ಚೀಟಿ ಹೋದರೆ ಸಾಲು ಹೋಗಲಿ. ಲಾಟ್ ಹೋದರೆ ಗೋಣಿಯ ಲಾಟ್ ನಂಬರ್ ಮಾತ್ರ ಖಾಲಿಯಾಗಲಿ. ಚೀಟಿ ಇರುವ ಸದಸ್ಯರನ್ನು ಅಳಿಸಲು ಹೋದರೆ ತಡೆಯಲಿ. ಸಂಘದ ಲೆಕ್ಕ ಕಮ್ಮಿಯಾದದ್ದು ಮೂರನೆಯ ಸಾಲಿನಲ್ಲಿ `CASCADE` ಇದ್ದದ್ದರಿಂದ. ಸದಸ್ಯತ್ವ ಬಿಟ್ಟವರಿಗೆ ಇನ್ನು ಮೇಲೆ ಸ್ಥಿತಿಯ ಒಂದು ಕಾಲಂ ಇರುತ್ತದೆ, ಹೆಸರು ಅಳಿಸುವುದಿಲ್ಲ.

ಪರೀಕ್ಷೆ ಮಾಡುವಾಗ ಮೋಸ ಹೋಗುವ ಜಾಗ

ಪೆನ್ಸಿಲ್‌ನಲ್ಲಿ ಮಾಡಿದ್ದನ್ನೇ ಈಗ ಡೇಟಾಬೇಸಿನ ಒಂದು ನಕಲಿನ ಮೇಲೆ ಮಾಡಿ ನೋಡಿ. ಹುಡುಗರು ಬಳಸಿದ್ದು ಎಸ್‌ಕ್ಯೂಲೈಟ್.

```sql
PRAGMA foreign_keys = ON;
BEGIN;
DELETE FROM lot WHERE lot_no = 31;
SELECT sack_no, lot_no FROM sack
 WHERE sack_no BETWEEN 1203 AND 1205;
ROLLBACK;
```

ಮೂರು ಗೋಣಿಯೂ ಬರಬೇಕು, ಲಾಟ್ ನಂಬರ್ ಖಾಲಿ ಇರಬೇಕು. ಒಂದೂ ಗೋಣಿ ಬರಲಿಲ್ಲ ಅಂದರೆ ಎಲ್ಲೋ ಕಪ್ಪು ಡೈಮಂಡ್ ಇನ್ನೂ ಉಳಿದಿದೆ. ಗೋಣಿ ಬಂದರೂ ಲಾಟ್ ನಂಬರ್ 31 ಅಂತಲೇ ಇದ್ದರೆ ಅದು ಬೇರೆ ಕಾಯಿಲೆ: ತಪಾಸಣೆಯೇ ನಡೆದಿಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಸಾಮಾನ್ಯವಾಗಿ ಈ ಸಂಬಂಧಗಳ ಕಾವಲು ಶುರುವಿನಲ್ಲಿ ಬಂದ್ ಇರುತ್ತದೆ. ಪ್ರತಿ ಸಲ ಕನೆಕ್ಷನ್ ತೆರೆದಾಗಲೂ ಮೊದಲ ಸಾಲು ಕೊಡಬೇಕು, ಅದೂ `BEGIN` ಗಿಂತ ಮೊದಲು. ನಡುವೆ ಕೊಟ್ಟರೆ ಅದಕ್ಕೆ ಬೆಲೆಯಿಲ್ಲ, ತಪ್ಪು ಅಂತಲೂ ಹೇಳುವುದಿಲ್ಲ. ಚೀಟಿ ಅಳಿಸಿದ ಮೇಲೂ ಸಾಲುಗಳು ಉಳಿದಿದ್ದಕ್ಕೆ ಡಯಾಗ್ರಮ್‌ನ ಖಾಲಿ ಡೈಮಂಡ್ ಒಂದು ಕಾರಣವಾದರೆ, ಇದೂ ಒಂದು ಕಾರಣ ಆಗಬಹುದು. ಎರಡನ್ನೂ ನೋಡದೆ ಒಂದನ್ನು ಮಾತ್ರ ಸರಿ ಮಾಡಿದರೆ ತೊಂದರೆ ವಾಪಸ್ ಬರುತ್ತದೆ.

ಇನ್ನೊಂದು ಮಿತಿ ಇದೆ. "ಚೀಟಿ ಇರುವ ಸದಸ್ಯರನ್ನು ಅಳಿಸಬಾರದು" ಅನ್ನುವುದನ್ನು ಬರೀ ಗೆರೆ ಪೂರ್ತಿ ಹೇಳುವುದಿಲ್ಲ. ಪ್ರತಿ ಚೀಟಿಗೂ ಒಬ್ಬ ಸದಸ್ಯರು ಬೇಕೇ ಬೇಕು ಅಂತ `1` ಹೇಳುತ್ತದೆ. ಆದರೆ ಅಳಿಸಲು ಹೋದರೆ ತಡೆಯಬೇಕಾ, ಹಳಬರು ಅಂತ ಗುರುತು ಹಾಕಬೇಕಾ ಅನ್ನುವುದು ಗೆರೆಯಲ್ಲಿಲ್ಲ. ಡೇಟಾಬೇಸ್ ಬರೆಯುವವನು ಅಲ್ಲಿ ಊಹೆ ಮಾಡುತ್ತಾನೆ. ಪ್ಲಾಂಟ್‌ಯುಎಂಎಲ್‌ನಲ್ಲಿ `note` ಹಾಕಲು ಜಾಗ ಇದೆ. `Member` ಪಕ್ಕದಲ್ಲಿ ಗುಮಾಸ್ತರ ಆ ಕೊನೆಯ ವಾಕ್ಯವನ್ನು ಇದ್ದ ಹಾಗೇ ಬರೆದಿಡಿ:

```
note right of Member
  ಸದಸ್ಯತ್ವ ಬಿಟ್ಟವರ ಚೀಟಿಗಳು
  ಲೆಕ್ಕ ತಪಾಸಣೆಗೆ ಬೇಕು
end note
```